ಮೇ 9 ಮತ್ತು 10ರಂದು ನಿಮ್ಮ ಬಾಗಿಲು ತಟ್ಟುವ ಮುನ್ನ: ನಮ್ಮ ಆರು ಮನೆಗಳ ಬಾಡಿಗೆದಾರರಿಗೆ ಬಹಿರಂಗ ಪತ್ರ

ಕುವೆಂಪುನಗರ, ಮೈಸೂರು
2026ರ ಮೇ 1, ಶುಕ್ರವಾರ

ಆರೂ ಮನೆಯವರಿಗೆ ನಮಸ್ಕಾರ.

ಬರುವ ವಾರ, ಮೇ 9ರ ಶನಿವಾರ ಮತ್ತು 10ರ ಭಾನುವಾರ, ಬೆಳಿಗ್ಗೆ 10ರಿಂದ ಮಧ್ಯಾಹ್ನ 1 ಗಂಟೆಯೊಳಗೆ ನಿಮ್ಮ ಮನೆಗಳನ್ನು ಒಮ್ಮೆ ನೋಡಬೇಕೆಂದಿದ್ದೇನೆ. ನನ್ನ ಜೊತೆ ಒಬ್ಬ ಪ್ಲಂಬರ್, ಒಬ್ಬ ಎಲೆಕ್ಟ್ರಿಷಿಯನ್ ಇರುತ್ತಾರೆ. ಬೇರೆ ಯಾರೂ ಇರುವುದಿಲ್ಲ. ಬ್ರೋಕರ್ ಇಲ್ಲ, ಮನೆ ನೋಡಲು ಬಂದವರಿಲ್ಲ, ನಮ್ಮ ನೆಂಟರೂ ಇಲ್ಲ. ಈ ಮಾತನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ, ಮುಂದೆ ಬರೆಯುತ್ತೇನೆ.

ಒಬ್ಬೊಬ್ಬರಿಗೂ ಫೋನ್ ಮಾಡಿದ್ದರೆ ಮುಗಿಯುತ್ತಿತ್ತು, ನಿಜ. ಆದರೆ ಫೋನಿನಲ್ಲಿ ಹೇಳಿದ್ದು ಆರು ಮನೆಗೆ ಆರು ಥರ ಕೇಳಿಸುತ್ತದೆ. "ಸುಮ್ಮನೆ ಬಂದು ಹೋಗ್ತೀನಿ ಕಣಮ್ಮ" ಅಂದದ್ದು ಒಬ್ಬರಿಗೆ ಬಾಡಿಗೆ ಏರಿಸುವ ಸೂಚನೆ, ಇನ್ನೊಬ್ಬರಿಗೆ ಮನೆ ಖಾಲಿ ಮಾಡಿಸುವ ಮುನ್ಸೂಚನೆ. ಅದಕ್ಕೇ ಎಲ್ಲರೂ ಓದುವಂತೆ ಮೆಟ್ಟಿಲ ಬಳಿ ಅಂಟಿಸಿದ್ದೇನೆ. ನಾಳೆ ನಾನು ಇದರಲ್ಲಿ ಬರೆದದ್ದನ್ನು ಮೀರಿ ನಡೆದರೆ, ಇದೇ ಕಾಗದವನ್ನು ನನಗೆ ತೋರಿಸಿ. ನಮ್ಮ ಬೀದಿಯಲ್ಲಿ ಬಾಡಿಗೆ ಮನೆ ಇಟ್ಟಿರುವ ಇನ್ನೂ ಕೆಲವರು ಓದಲಿ ಎಂಬ ಆಸೆಯೂ ಇದೆ, ಮುಚ್ಚಿಡುವುದಿಲ್ಲ.

ಈಗ ಭೇಟಿಯ ಕಾರಣ. ಎರಡನೇ ನಂಬರಿನ ಮನೆಯ ಮಲಗುವ ಕೋಣೆಯ ಸೀಲಿಂಗಿನಲ್ಲಿ, ಮೂಲೆಗೆ, ಒಂದು ಕಲೆ ಎದ್ದಿದೆ. (ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ.) ಮಾರ್ಚ್ ಮೊದಲ ವಾರ ಅವರು ತೋರಿಸಿದಾಗ ಅಂಗೈಯಷ್ಟಿತ್ತು, ಈಗ ಊಟದ ತಟ್ಟೆಯಷ್ಟಾಗಿದೆ. ನಡುವೆ ಕಂದು, ಅಂಚಿನಲ್ಲಿ ಬಿಳಿ ಪುಡಿ. ಬೆರಳಲ್ಲಿ ಒರೆಸಿದರೆ ಉಪ್ಪಿನ ಹಾಗೆ ಉದುರುತ್ತದೆ. ಅದು ಸುಣ್ಣವಲ್ಲ. ಕಾಂಕ್ರೀಟಿನ ಒಳಗಿಂದ ನೀರು ಜಿನುಗಿ, ಜೊತೆಗೆ ಲವಣವನ್ನು ಹೊತ್ತು ತಂದು, ನೀರು ಆರಿದ ಮೇಲೆ ಉಳಿಯುವ ಉಪ್ಪು. ಇದನ್ನು ಕಂಡರೆ ನೀರು ಇವತ್ತು ನಿನ್ನೆಯದಲ್ಲ, ತಿಂಗಳುಗಟ್ಟಲೆ ಓಡಾಡಿದೆ ಎಂದೇ ಅರ್ಥ. ಇನ್ನೂ ಬಿಟ್ಟರೆ ಒಳಗಿನ ಕಂಬಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಂಬಿ ಉಬ್ಬುತ್ತದೆ, ಉಬ್ಬಿದರೆ ಕೆಳಗಿನ ಗಾರೆ ಹಪ್ಪಳದ ಹಾಗೆ ಬಿಟ್ಟುಕೊಂಡು ಬೀಳುತ್ತದೆ. ಆ ಮೂಲೆಯ ಕೆಳಗೆ ಅವರ ಮಂಚವಿದೆ. ಸದ್ಯಕ್ಕೆ ಅದನ್ನು ಈಚೆಗೆ ಎಳೆಸಿದ್ದೇನೆ.

ಮಾರ್ಚಿನಲ್ಲಿ ಮೈಸೂರಿಗೆ ಹೇಳಿಕೊಳ್ಳುವಂಥ ಮಳೆ ಬಂದಿರಲಿಲ್ಲ. ಹಾಗಾಗಿ ಇದು ತಾರಸಿಯಿಂದ ಇಳಿದ ಮಳೆನೀರಲ್ಲ. ಉಳಿದದ್ದು ಎರಡು ದಾರಿ. ಒಂದು, ಮೇಲಿನ ಟ್ಯಾಂಕಿನಿಂದ ನಲ್ಲಿಗೆ ಬರುವ ಪೈಪು ಗೋಡೆಯೊಳಗೆ ಎಲ್ಲೋ ಸೋರುತ್ತಿರಬೇಕು. ಇನ್ನೊಂದು, ಸ್ನಾನ ಮಾಡಿದ ನೀರು ಹೊರಗೆ ಹೋಗುವ ದಾರಿಯಲ್ಲಿ, ಅಂದರೆ ಮೇಲಿನ ನಾಲ್ಕನೇ ನಂಬರಿನ ಬಾತ್‌ರೂಮಿನ ಜಾಲರಿಯ ಕೆಳಗೆ ವಾಸನೆ ತಡೆಯಲು ನೀರು ನಿಲ್ಲುವ ಟ್ರ್ಯಾಪ್‌ ಅಥವಾ ಅದರ ಜಾಯಿಂಟಿನಲ್ಲಿ ಬಿರುಕು ಬಿಟ್ಟಿರಬೇಕು. ಇವೆರಡರ ನಡವಳಿಕೆಯೇ ಬೇರೆ. ಟ್ಯಾಂಕಿನ ಪೈಪಿನಲ್ಲಿ ಹಗಲು ರಾತ್ರಿ ಒತ್ತಡ ಇರುವುದರಿಂದ ಅದು ಸೋರಿದರೆ ಕಲೆ ಯಾವಾಗಲೂ ಒಂದೇ ಸಮ ಒದ್ದೆ ಇರುತ್ತದೆ. ಹೊರಹೋಗುವ ಪೈಪು ಸೋರಿದರೆ ಬಳಸಿದಾಗ ಮಾತ್ರ ಒದ್ದೆ ಹೆಚ್ಚುತ್ತದೆ. ಎರಡನೇ ನಂಬರಿನವರು ಹತ್ತು ದಿನ ಬೆಳಿಗ್ಗೆ, ಸಂಜೆ ಪೆನ್ಸಿಲಿನಲ್ಲಿ ಕಲೆಯ ಅಂಚು ಗುರುತು ಹಾಕಿ ಇಟ್ಟರು. ಬೆಳಿಗ್ಗೆ ಒಂಬತ್ತು, ಹತ್ತು ಗಂಟೆಯ ಹೊತ್ತಿಗೆ ಗುರುತು ದಾಟುತ್ತದೆ, ಸಂಜೆಗೆ ಒಳಗೆ ಸರಿಯುತ್ತದೆ. ಸ್ನಾನದ ಹೊತ್ತು! ಅನುಮಾನ ಜಾಲರಿಯ ಕಡೆಗೇ ಹೋಗುತ್ತಿದೆ.

ಇಲ್ಲಿ ನಾಲ್ಕನೇ ನಂಬರಿನವರಿಗೆ ಒಂದು ಮಾತು. ಇದು ನಿಮ್ಮ ತಪ್ಪಲ್ಲ. ಕಟ್ಟಡ ಎದ್ದದ್ದು 1998ರಲ್ಲಿ. ಆ ಟ್ರ್ಯಾಪ್‌ ಕೂಡ ಆಗಿನದ್ದೇ. ಇಪ್ಪತ್ತೆಂಟು ವರ್ಷ ದಿನಾ ಬಿಸಿನೀರು, ಸೋಪು, ಆಗಾಗ ಆಸಿಡ್ಡು ಕುಡಿದ ಜಾಯಿಂಟು ಬಿಟ್ಟುಕೊಂಡರೆ ಅದಕ್ಕೆ ಬಾಡಿಗೆದಾರರು ಏನು ಮಾಡಿಯಾರು? ನೀರು ಕಡಿಮೆ ಸುರಿಯಿರಿ ಎಂದು ನಿಮಗೆ ಯಾರಾದರೂ ಮೆಟ್ಟಿಲಲ್ಲಿ ಹೇಳಿದ್ದರೆ, ಅದು ನನ್ನ ಮಾತಲ್ಲ.

ಪರೀಕ್ಷೆ ಹೇಗೆ ಎಂದು ತಿಳಿಸುತ್ತೇನೆ, ಯಾಕೆಂದರೆ ಅದಕ್ಕೆ ಹಿಡಿಯುವ ಸಮಯ ನಿಮ್ಮದು. ಶನಿವಾರ ಹತ್ತಕ್ಕೆ, ನಿಮ್ಮೆಲ್ಲರ ಸ್ನಾನ ಮುಗಿದ ಮೇಲೆ, ಬಟ್ಟೆಗೆ ಹಾಕುವ ನೀಲಿಯನ್ನು ಎರಡು ಬಕೆಟ್ ನೀರಿಗೆ ಕಲಸಿ, ನೆಲಕ್ಕೆ ಚೆಲ್ಲದೆ, ನೇರವಾಗಿ ಜಾಲರಿಯ ತೂತಿಗೇ ಸುರಿಯುತ್ತೇವೆ. ಆಮೇಲೆ ಕೆಳಗಿನ ಮನೆಯಲ್ಲಿ ಕಾಯುವುದು. ಸುಮಾರು ಎರಡು ಗಂಟೆ. ಕಲೆಗೆ ನೀಲಿ ಬಂದರೆ ಟ್ರ್ಯಾಪ್‌ ಅಥವಾ ಅದರ ಜಾಯಿಂಟೇ ಸೋರುತ್ತಿದೆ ಎಂಬುದು ಖಚಿತ. ಬರದಿದ್ದರೆ? ಅಲ್ಲೇ ಅನೇಕರು ಎಡವುವುದು. ಬಣ್ಣ ಕಾಣಲಿಲ್ಲ, ಆದ್ದರಿಂದ ಸೋರಿಕೆ ಇಲ್ಲ ಎಂದು ಎದ್ದು ಹೋಗುತ್ತಾರೆ. ನಮ್ಮ ಹಳೆಯ ಬಾತ್‌ರೂಮುಗಳ ನೆಲವನ್ನು ತಗ್ಗಿಸಿ, ಆ ತಗ್ಗಿಗೆ ಇಟ್ಟಿಗೆ ಚೂರು ತುಂಬಿ, ಮೇಲೆ ಟೈಲ್ಸ್ ಹಾಕಿರುತ್ತಾರೆ. ಸೋರಿದ ನೀರು ಮೊದಲು ಆ ಚೂರಿನಲ್ಲಿ ಕೆರೆಯ ಹಾಗೆ ನಿಲ್ಲುತ್ತದೆ. ಬಣ್ಣ ಅಲ್ಲೇ ಸೋಸಿಹೋಗಿ ಕೆಳಗೆ ಬರೀ ನೀರು ಇಳಿಯಬಹುದು, ಅದೂ ಒಂದು ದಿನ ತಡವಾಗಿ.

ಆದ್ದರಿಂದ ನೀಲಿ ಕಾಣದಿದ್ದರೆ ಎರಡನೆಯ ಪರೀಕ್ಷೆ ಬೇಕಾಗುತ್ತದೆ. ಜಾಲರಿಯ ತೂತನ್ನು ಬಿಗಿಯಾಗಿ ಮುಚ್ಚಿ, ಬಾತ್‌ರೂಮಿನ ನೆಲದಲ್ಲಿ ಒಂದು ಇಂಚಿನಷ್ಟು ನೀರು ನಿಲ್ಲಿಸಿ, ಗೋಡೆಗೆ ಗುರುತು ಹಾಕಿ, 24 ಗಂಟೆ ಬಿಡುವುದು. ಹೊರಹೋಗುವ ದಾರಿ ಮುಚ್ಚಿದ್ದಾಗಲೂ ನೀರು ಆವಿಯಾಗುವುದಕ್ಕಿಂತ ಹೆಚ್ಚು ಇಳಿದರೆ ದೋಷ ಟೈಲ್ಸ್ ಸಂದಿನಲ್ಲೂ ಇದೆ. ಆ 24 ಗಂಟೆ ನಾಲ್ಕನೇ ನಂಬರಿನವರಿಗೆ ಬಾತ್‌ರೂಮ್ ಇಲ್ಲದ ಹಾಗಾಗುತ್ತದೆ. ಒಂದೇ ಬಾತ್‌ರೂಮಿನ ಮನೆಗೆ ಇದು ಸಣ್ಣ ವಿಷಯವಲ್ಲ ಎಂದು ನನಗೆ ಗೊತ್ತು. ನಮ್ಮ ಹಿಂಬದಿ ಮನೆಯಲ್ಲಿ ಹೊರಗಿನಿಂದಲೇ ಬಾಗಿಲಿರುವ ಬಾತ್‌ರೂಮ್ ಮತ್ತು ಟಾಯ್ಲೆಟ್ ಇದೆ. ಅದರ ಬೀಗದ ಕೈ ಅಷ್ಟು ಹೊತ್ತೂ ನಿಮ್ಮ ಕೈಯಲ್ಲಿರುತ್ತದೆ. ಯಾವ ದಿನ ನೀರು ನಿಲ್ಲಿಸುವುದು ಎಂಬುದನ್ನೂ ನೀವೇ ಹೇಳಿ. ಅದು ಶನಿವಾರವೇ ಆಗಬೇಕೆಂದಿಲ್ಲ.

ಈ ದಿನಗಳೇ ಏಕೆ ಎಂದರೆ ಮಳೆ. ಭರಣಿ ಮುಗಿಯುತ್ತಾ ಬಂತು, 11ರ ಹೊತ್ತಿಗೆ ಕೃತ್ತಿಕೆ ಹಿಡಿಯುತ್ತದೆ. ನಮ್ಮೂರಿನಲ್ಲಿ ಮೇ ತಿಂಗಳ ಸಂಜೆಯ ಗುಡುಗು ಮಳೆ ಒಂದು ಸಲ ಕೂತು ಸುರಿಯಿತೆಂದರೆ ಹೊರಗೋಡೆ ನೆನೆದು, ಯಾವ ತೇವ ಬಾತ್‌ರೂಮಿನದು ಯಾವುದು ಮಳೆಯದು ಎಂದು ಹೇಳುವುದೇ ಕಷ್ಟ. ಶುಕ್ರವಾರ ರಾತ್ರಿ ಜೋರು ಮಳೆ ಬಂದರೆ ಪರೀಕ್ಷೆಯನ್ನು 16 ಮತ್ತು 17ಕ್ಕೆ ಮುಂದೂಡುತ್ತೇನೆ. ಹಾಗಾದರೆ ಶನಿವಾರ ಬೆಳಿಗ್ಗೆ ಎಂಟರೊಳಗೆ ನಿಮಗೆ ಮೆಸೇಜ್ ಬರುತ್ತದೆ.

ಎರಡು ಮತ್ತು ನಾಲ್ಕನೇ ನಂಬರು ಶನಿವಾರ. ಆರನೇ ನಂಬರಿನ ನೀರೂ ಅದೇ ಪೈಪಿನಲ್ಲಿ ಇಳಿಯುವುದರಿಂದ ಅದೂ ಶನಿವಾರವೇ, ಆದರೆ ಅಲ್ಲಿ ಇಪ್ಪತ್ತು ನಿಮಿಷ ಸಾಕು. ಒಂದು, ಮೂರು, ಐದು ಭಾನುವಾರ, ತಲಾ ಹದಿನೈದು ನಿಮಿಷ. ಯಾರ ಮನೆಗೆ ಎಷ್ಟು ಗಂಟೆಗೆ ಎಂಬುದನ್ನು ಬೇಕೆಂದೇ ಇಲ್ಲಿ ಬರೆದಿಲ್ಲ. ಮೆಟ್ಟಿಲ ಹತ್ತಿರ ಕೊರಿಯರ್‌ನವರು, ಹಾಲಿನವರು, ಪರಿಚಯವಿಲ್ಲದವರು ಎಲ್ಲ ಓಡಾಡುತ್ತಾರೆ. ಯಾವ ಮನೆಯಲ್ಲಿ ಯಾವಾಗ ಯಾರು ಇರುತ್ತಾರೆ, ಯಾವಾಗ ಇರುವುದಿಲ್ಲ ಎಂಬುದು ಗೋಡೆಗೆ ಅಂಟಿಸುವ ಸಂಗತಿಯಲ್ಲ. ನಿಮ್ಮ ನಿಮ್ಮ ಗಂಟೆಯ ಚೀಟಿ ನಾಳೆ ನಿಮ್ಮ ಬಾಗಿಲ ಕೆಳಗೆ ಬರುತ್ತದೆ. ಹೊತ್ತು ಹೊಂದದಿದ್ದರೆ ಅದರಲ್ಲೇ ಬೇರೆ ಹೊತ್ತು ಬರೆದು ನನ್ನ ಮನೆಯ ಪೆಟ್ಟಿಗೆಗೆ ಹಾಕಿ. ಕಾರಣ ಬರೆಯಬೇಕಾಗಿಲ್ಲ. ಮಗುವಿನ ನಿದ್ದೆಯೋ, ರಾತ್ರಿ ಪಾಳಿಯೋ, ಪರೀಕ್ಷೆಯೋ, ಸುಮ್ಮನೆ ಬೇಡವೆನಿಸಿತೋ, ಎಲ್ಲವೂ ಕಾರಣವೇ. ಉತ್ತರ ಬರದಿದ್ದರೆ ಒಪ್ಪಿಗೆ ಎಂದು ತಿಳಿಯುವುದಿಲ್ಲ, ಮತ್ತೆ ಕೇಳುತ್ತೇನೆ.

ನೀರಿನ ಜೊತೆಗೆ ಎಲ್ಲ ಮನೆಗಳಲ್ಲೂ ಇನ್ನೆರಡು ಕೆಲಸ ಇದೆ. ಒಂದು ಕರೆಂಟಿನದು. ಪ್ರತಿ ಮನೆಯ ಮೀಟರ್ ಪಕ್ಕದ ಬಾಕ್ಸಿನಲ್ಲಿ ಒಂದು ದಪ್ಪ ಸ್ವಿಚ್ಚಿದೆ. ಅದರ ಮೇಲೆ ಟೆಸ್ಟ್ ಎಂದು ಸಣ್ಣ ಗುಂಡಿ. ಕರೆಂಟು ದಾರಿ ತಪ್ಪಿ ನೆಲಕ್ಕೋ ಮನುಷ್ಯರ ಮೈಗೋ ಹರಿಯತೊಡಗಿದರೆ, ಮೂವತ್ತು ಮಿಲಿಆಂಪಿಯರ್ ಆಗುವಷ್ಟರಲ್ಲಿ ಲೈನು ಕಡಿಯುವುದು ಅದರ ಕೆಲಸ. ಗುಂಡಿ ಒತ್ತಿದರೆ ಟಪ್ ಎಂದು ಬೀಳಬೇಕು. ಬೀಳದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಒದ್ದೆ ಸೀಲಿಂಗಿನಲ್ಲಿ ಫ್ಯಾನಿನ ವೈರ್ ಹಾದುಹೋಗುವ ಮನೆಯಲ್ಲಿ ಇದನ್ನು ಪರೀಕ್ಷಿಸದೆ ಬಿಡುವ ಧೈರ್ಯ ನನಗಿಲ್ಲ. ಒಂದೆರಡು ನಿಮಿಷ ಇಡೀ ಮನೆಯ ಕರೆಂಟು ಹೋಗುತ್ತದೆ, ಕಂಪ್ಯೂಟರಿನಲ್ಲಿ ಕೆಲಸ ಮಾಡುವವರು ಮೊದಲೇ ಸೇವ್ ಮಾಡಿಕೊಳ್ಳಿ. ಕೆಟ್ಟಿದ್ದರೆ ಹೊಸದು ನನ್ನ ಖರ್ಚು.

ಇನ್ನೊಂದು ಗ್ಯಾಸ್ ಗೀಸರಿನದು. ಕೆಲವು ಮನೆಗಳಲ್ಲಿ ಅದು ಬಾತ್‌ರೂಮಿನ ಒಳಗೇ ಇದೆ. ಮುಚ್ಚಿದ ಸಣ್ಣ ಕೋಣೆಯಲ್ಲಿ ಉರಿ ಉರಿದರೆ ಗಾಳಿಯಲ್ಲಿರುವ ಆಮ್ಲಜನಕ ತೀರುತ್ತಾ ಬರುತ್ತದೆ, ಸರಿಯಾಗಿ ಉರಿಯದ ಗ್ಯಾಸು ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸ್ನಾನ ಮಾಡುತ್ತಿರುವವರಿಗೆ ತಲೆ ಸುತ್ತಿದ ಹಾಗಾಗುತ್ತದೆ, ಚಿಲಕ ತೆಗೆಯುವಷ್ಟರಲ್ಲಿ ಕುಸಿಯುತ್ತಾರೆ. ನೀಲಿ ಇರಬೇಕಾದ ಉರಿ ಹಳದಿಯಾಗಿದ್ದರೆ ಅಥವಾ ಗೀಸರಿನ ಮೇಲಿನ ಗೋಡೆಗೆ ಮಸಿ ಹಿಡಿದಿದ್ದರೆ, 9ನೇ ತಾರೀಖಿನವರೆಗೆ ಕಾಯಬೇಡಿ, ಇವತ್ತೇ ಬಳಸುವುದನ್ನು ನಿಲ್ಲಿಸಿ ನನಗೆ ಹೇಳಿ. ಸೊಳ್ಳೆ ಬರುತ್ತದೆಂದು ವೆಂಟಿಲೇಟರಿಗೆ ರಟ್ಟು ಹೊಡೆದವರು ದಯವಿಟ್ಟು ತೆಗೆಯಿರಿ, ಜಾಲರಿ ಹಾಕಿಸಿಕೊಡುತ್ತೇನೆ. ಗೀಸರನ್ನು ಹಿಂದಿನ ಯುಟಿಲಿಟಿಗೆ ಸ್ಥಳಾಂತರಿಸುವ ಪೈಪಿನ ಕೆಲಸವೂ ನನ್ನದೇ. ಗೀಸರ್ ನಿಮ್ಮದಾಗಿದ್ದರೂ ಸರಿ.

ಇಷ್ಟೇ ನೋಡುವುದು. ಬಾತ್‌ರೂಮ್, ಅದಕ್ಕೆ ತಾಗಿದ ಗೋಡೆ, ಸೀಲಿಂಗು, ಕರೆಂಟಿನ ಬಾಕ್ಸು, ಗೀಸರ್. ಬೀರು ತೆಗೆಸುವುದಿಲ್ಲ. ದೇವರಮನೆಗೆ, ಅಡುಗೆಮನೆಯ ಡಬ್ಬಗಳಿಗೆ, ಫ್ರಿಜ್ಜಿಗೆ ನನ್ನ ಕಣ್ಣಿಗೆ ಕೆಲಸವಿಲ್ಲ. ಯಾರ ಒಲೆಯ ಮೇಲೆ ಏನು ಬೇಯುತ್ತಿದೆ, ಮಂಚದ ಮೇಲೆ ಮಲಗಿರುವವರು ನೆಂಟರೋ ಸ್ನೇಹಿತರೋ ಎಂದು ನೋಡುವುದಕ್ಕೆ ನಾನು ಬರುತ್ತಿಲ್ಲ. ಮನೆ ಗುಡಿಸಿ ಒರೆಸಿ ಇಡುವ ಅಗತ್ಯವೂ ಇಲ್ಲ. ಒಗೆಯುವ ಬಟ್ಟೆ ಬಾತ್‌ರೂಮಿನಲ್ಲಿದ್ದರೆ ಅದನ್ನು ಮಾತ್ರ ಎತ್ತಿಡಿ, ನಿಮಗೇ ಮುಜುಗರ ಆಗಬಾರದೆಂದು. ಕಲೆ, ಬಿರುಕು ಕಂಡರೆ ನನ್ನ ಫೋನಿನಲ್ಲಿ ಫೋಟೊ ತೆಗೆಯುತ್ತೇನೆ. ತೆಗೆದದ್ದನ್ನು ಅಲ್ಲೇ ನಿಮಗೆ ತೋರಿಸಿ, ನಿಮಗೂ ಕಳಿಸುತ್ತೇನೆ. ಚೌಕಟ್ಟಿನಲ್ಲಿ ನಿಮ್ಮ ವಸ್ತುವೋ ಕನ್ನಡಿಯಲ್ಲಿ ನಿಮ್ಮ ಮುಖವೋ ಬಂದಿದ್ದರೆ ಅಳಿಸಿ ಎನ್ನಿ, ಅಳಿಸುತ್ತೇನೆ. ಕೆಲಸದವರ ಫೋನು ಹೊರಗೆ ಬರುವುದಿಲ್ಲ, ಅವರಿಗೆ ಹೇಳಿಯಾಗಿದೆ. ಹೆಂಗಸರೊಬ್ಬರೇ ಇರುವ ಹೊತ್ತಾದರೆ, ನಾನು ಮೊದಲು ಒಳಗೆ ಬಂದು, ಅವರು ಹೂಂ ಎಂದ ಮೇಲೆ ಕೆಲಸದವರು ಬರುತ್ತಾರೆ.

ಬೀಗದ ಕೈ ವಿಷಯ. ಆರೂ ಮನೆಗಳ ಎರಡನೇ ಕೈ ನನ್ನ ಹತ್ತಿರ ಇದೆ. ಅದನ್ನು ಬಳಸಿ ನಾನು ಒಂದು ಸಲ ದೊಡ್ಡ ತಪ್ಪು ಮಾಡಿದ್ದೇನೆ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ, ಮುಂದಿನ ತಿಂಗಳು ಖಾಲಿಯಾಗಲಿದ್ದ ಮನೆಯನ್ನು ತೋರಿಸಿ ಎಂದು ಬ್ರೋಕರ್ ಇಬ್ಬರನ್ನು ಕರೆತಂದರು. ಬೆಲ್ ಹೊಡೆದೆ, ಯಾರೂ ಬರಲಿಲ್ಲ. ಕೆಲಸಕ್ಕೆ ಹೋಗಿರಬೇಕೆಂದು ಬಾಗಿಲು ತೆಗೆದೆ. ತಪ್ಪಿ ಪಕ್ಕದ ಮನೆಯ ಬಾಗಿಲು! ಎರಡು ಕೈಗೂ ಒಂದೇ ಬಣ್ಣದ ದಾರ ಕಟ್ಟಿದ್ದೆ. ರಾತ್ರಿ ಪಾಳಿ ಮುಗಿಸಿ ಹಾಲಿನಲ್ಲೇ ಚಾಪೆ ಹಾಸಿ ಮಲಗಿದ್ದ ಹೆಣ್ಣುಮಗಳು ಧಡಕ್ಕನೆ ಎದ್ದು ಹೊದಿಕೆಯನ್ನು ಕುತ್ತಿಗೆವರೆಗೆ ಎಳೆದುಕೊಂಡಳು. ನಾನು ಅಂದದ್ದು "ಅಯ್ಯೋ, ಒಳಗಿದ್ದೀಯಾ ತಾಯಿ, ಬೆಲ್ ಕೇಳಲಿಲ್ವಾ?" ಎಂದು. ತಪ್ಪು ಅವಳದ್ದೆಂಬ ಹಾಗೆ. ಮುಂದಿನ ತಿಂಗಳೇ ಅವಳು ಮನೆ ಬಿಟ್ಟಳು. "ಆಸ್ಪತ್ರೆಗೆ ದೂರ ಆಗುತ್ತೆ ಆಂಟಿ" ಅಂದಳು. ಆಸ್ಪತ್ರೆ ಇಲ್ಲಿಂದ ಹತ್ತು ನಿಮಿಷದ ನಡಿಗೆ.

ಅವತ್ತಿನಿಂದ ಆರು ಕೈಗಳೂ ಆರು ಲಕೋಟೆಯಲ್ಲಿವೆ. ನಿಮ್ಮ ಮನೆಗೆ ಬಂದ ದಿನ ನಿಮ್ಮ ನಿಮ್ಮ ಲಕೋಟೆಯ ಅಂಟಿನ ಮೇಲೆ ನೀವು ಸಹಿ ಹಾಕಿ, ಅದನ್ನು ನಾನು ಇಟ್ಟುಕೊಳ್ಳುತ್ತೇನೆ. ಬೇಡವೆಂದರೆ ನೀವೇ ತೆಗೆದುಕೊಂಡು ಹೋಗಿ. ಪೈಪು ಒಡೆದು ನೀರು ಮೆಟ್ಟಿಲಿಗೆ ಬಂದರೆ, ಹೊಗೆ ಕಂಡರೆ, ಗ್ಯಾಸ್ ವಾಸನೆ ಬಂದರೆ ಮಾತ್ರ ಲಕೋಟೆ ಒಡೆಯುತ್ತೇನೆ. ಅದೂ ಮೊದಲು ನಿಮಗೆ ಫೋನ್ ಮಾಡಿ, ಪಕ್ಕದ ಮನೆಯವರೊಬ್ಬರನ್ನು ಜೊತೆಗಿಟ್ಟುಕೊಂಡು. ಒಡೆದ ಲಕೋಟೆ ನಿಮ್ಮ ಕೈಗೆ ಬರುತ್ತದೆ.

ಕಾನೂನು ಏನನ್ನುತ್ತದೆ ಎಂದು ಕೇಳುವವರಿಗೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು ಸೂಕ್ತ ಹೊತ್ತಿನಲ್ಲಿ ಮಾಲೀಕರು ಒಳಗೆ ಬಂದು ಸ್ವತ್ತಿನ ಸ್ಥಿತಿ ನೋಡಲು ಬಾಡಿಗೆದಾರರು ಬಿಡಬೇಕು ಎನ್ನುತ್ತದೆ. ಅದೇ ಕಲಮು, ಬಾಡಿಗೆ ಕೊಟ್ಟು ಕರಾರಿನಂತೆ ನಡೆಯುವವರೆಗೆ ಅವರಿಗೆ ಅಡ್ಡಿಯಿಲ್ಲದೆ ಇರುವ ಹಕ್ಕಿದೆ ಎಂದೂ ಹೇಳುತ್ತದೆ. ಮಾಲೀಕರು ಮಾಡಬೇಕಾದ ರಿಪೇರಿಯನ್ನು ತಿಳಿಸಿದರೂ ಮಾಡದೆ ಕೂತರೆ ಬಾಡಿಗೆದಾರರೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಎಂಬುದೂ ಅಲ್ಲೇ ಇದೆ. ನಾವು ಮಾಲೀಕರು ಮೊದಲನೆಯದನ್ನು ಬಾಯಿಪಾಠ ಮಾಡಿ, ಉಳಿದೆರಡನ್ನು ಓದುವುದೇ ಇಲ್ಲ. ಎಷ್ಟು ಮೊದಲು ತಿಳಿಸಬೇಕೆಂದು ಆ ಹಳೆಯ ಕಾಯ್ದೆ ಹೇಳುವುದಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ ಹೊರತಂದ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ: ಕನಿಷ್ಠ 24 ಗಂಟೆ ಮೊದಲು, ಬರಹದಲ್ಲಿ ಅಥವಾ ಮೊಬೈಲಿನಂಥ ಮಾಧ್ಯಮದಲ್ಲಿ, ಕಾರಣ, ದಿನ, ಹೊತ್ತು ತಿಳಿಸಬೇಕು, ಸೂರ್ಯ ಹುಟ್ಟಿದ ಮೇಲೆ, ಮುಳುಗುವ ಮುನ್ನ ಬರಬೇಕು. ಅದು ರಾಜ್ಯಗಳು ತಮ್ಮ ಕಾನೂನು ಮಾಡಿಕೊಳ್ಳಲೆಂದು ಕೊಟ್ಟ ಮಾದರಿಯಷ್ಟೇ, ತಾನಾಗಿಯೇ ನಮ್ಮನ್ನು ಕಟ್ಟಿಹಾಕುವುದಿಲ್ಲ. ಆದರೂ ಅದರಲ್ಲಿರುವುದು ಸಾಮಾನ್ಯ ಮರ್ಯಾದೆ ಅನ್ನಿಸಿತು, ಪಾಲಿಸುತ್ತಿದ್ದೇನೆ. ನಿಮ್ಮ ಕರಾರು ಪತ್ರದಲ್ಲಿ "ಮಾಲೀಕರು ಯಾವಾಗ ಬೇಕಾದರೂ ಪರಿಶೀಲಿಸಬಹುದು" ಎಂದು ಟೈಪಿಸ್ಟ್ ಹಾಕಿದ ಸಾಲು ಇದೆ. ಮುಂದಿನ ಸಲ ಕರಾರು ಬರೆಸುವಾಗ ಅದನ್ನು ತೆಗೆಸಿ ಮೂರು ದಿನದ ಸೂಚನೆ ಎಂದು ಹಾಕಿಸುತ್ತೇನೆ.

ಎಲ್ಲರ ಮನಸ್ಸಿನಲ್ಲಿರುವ ಪ್ರಶ್ನೆ ದುಡ್ಡಿನದು. ಈ ಭೇಟಿಗೂ ಬಾಡಿಗೆಗೂ ಸಂಬಂಧವಿಲ್ಲ. ಹೆಚ್ಚಳ ಕರಾರಿನಲ್ಲಿ ಇದ್ದಷ್ಟೇ, ಇದ್ದಾಗಲೇ. ಆ ಎರಡು ದಿನ ನನ್ನ ಕಣ್ಣಿಗೆ ಬಿದ್ದ ಯಾವುದಕ್ಕೂ, ಗೋಡೆಗೆ ಹೊಡೆದ ಮೊಳೆ, ಮಕ್ಕಳು ಗೀಚಿದ ಕ್ರೇಯಾನು ಸೇರಿ, ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವುದಿಲ್ಲ.

ಏನು ಕಂಡಿತು ಎಂಬುದನ್ನು ಮೇ 17ರೊಳಗೆ ಆಯಾ ಮನೆಯವರಿಗೆ ಮಾತ್ರ ಬರೆದು ಕೊಡುತ್ತೇನೆ. ಪರೀಕ್ಷೆ ಮುಂದಕ್ಕೆ ಹೋದರೆ ಇದು 24ಕ್ಕೆ. ಜಾಲರಿಯೇ ಸೋರುತ್ತಿದ್ದರೆ ನಾಲ್ಕನೇ ನಂಬರಿನಲ್ಲಿ ಟೈಲ್ಸ್ ಒಡೆಯಬೇಕು. ಒಡೆದು ಚೂರು ತೆಗೆಯಲು ಒಂದೆರಡು ದಿನ, ಟ್ರ್ಯಾಪ್‌ ಬದಲಿಸಿ ನೀರು ತಡೆಯುವ ಲೇಪ ಬಳಿದು ಒಣಗಿಸಲು ಎರಡು ದಿನ, ನೀರು ನಿಲ್ಲಿಸಿ ನೋಡಲು ಎರಡು ದಿನ, ಮತ್ತೆ ಟೈಲ್ಸ್. ಹತ್ತಿರ ಹತ್ತಿರ ಎಂಟು ದಿನ. ಮೇಸ್ತ್ರಿಗಳು ನೀರು ನಿಲ್ಲಿಸುವ ಆ ಎರಡು ದಿನವನ್ನು ನುಂಗಲು ನೋಡುತ್ತಾರೆ, ನಾನು ಬಿಡುವುದಿಲ್ಲ. ಅದನ್ನು ಬಿಟ್ಟರೆ ಮುಂದಿನ ವರ್ಷ ಇದೇ ಕಾಗದ ಮತ್ತೆ ಬರೆಯಬೇಕಾಗುತ್ತದೆ. ಆ ಎಂಟು ದಿನದ ಬಾಡಿಗೆ ನಾಲ್ಕನೇ ನಂಬರಿನವರು ಕೊಡಬೇಕಾಗಿಲ್ಲ. ಎರಡನೇ ನಂಬರಿನವರು ಸ್ವಲ್ಪ ತಾಳ್ಮೆ ತಂದುಕೊಳ್ಳಬೇಕು. ಮೇಲೆ ರಿಪೇರಿ ಆದ ಮರುದಿನವೇ ಕೆಳಗೆ ಒಣಗುವುದಿಲ್ಲ. ಸ್ಲ್ಯಾಬು ಹೀರಿಕೊಂಡ ನೀರು ಇಳಿದು ಮುಗಿಯಲು ವಾರಗಳೇ ಹಿಡಿಯುತ್ತವೆ. ಅದಕ್ಕೆ ಮುಂಚೆ ಬಣ್ಣ ಹೊಡೆದರೆ ಬೊಬ್ಬೆ ಎದ್ದು ಕಳಚುತ್ತದೆ. ಹಾಗಾಗಿ ಪೇಂಟರ್ ಬರುವುದು ದಸರೆಗೆ ಮುಂಚೆ, ಈಗಲ್ಲ. ಅಲ್ಲಿಯವರೆಗೆ ಪೆನ್ಸಿಲ್ ಗುರುತು ಹಾಕುತ್ತಿರಿ. ಗುರುತು ಒಳಗೊಳಗೆ ಸರಿಯುತ್ತಾ ಹೋದರೆ ರಿಪೇರಿ ಹಿಡಿದಿದೆ.

ಚೀಟಿಗಳನ್ನು ಬುಧವಾರ, ಮೇ 6ರ ರಾತ್ರಿಯೊಳಗೆ ಪೆಟ್ಟಿಗೆಗೆ ಹಾಕಿದರೆ ಕೆಲಸದವರಿಗೆ ಹೊತ್ತು ಹೇಳಲು ನನಗೆ ಅನುಕೂಲ.

ಇಂತಿ,
ನಿಮ್ಮ ಮನೆ ಮಾಲೀಕಳು,
ಹಿಂಬದಿ ಮನೆಯ ಆಂಟಿ